ಮನೆಯಲ್ಲೇ ಕೇಕ್ ಮಾಡಿ ಮಾರುವವರಿಗೆ ಒಂದು ಬಹಿರಂಗ ಪತ್ರ

ಮನೆಯ ಅಡುಗೆಕೋಣೆಯಲ್ಲೇ ಕೇಕ್ ಮಾಡಿ ಮಾರುವ ಗೆಳತಿಯರೇ, ಅವರ ನಡುವೆ ಅಲ್ಲೊಬ್ಬರು ಇಲ್ಲೊಬ್ಬರು ಇರುವ ಗೆಳೆಯರೇ,

ಈ ಪತ್ರ ನಿಮ್ಮ ಕೇಕಿನ ಬಗ್ಗೆ ಅಲ್ಲ. ಗಿರಾಕಿ ಓದಲಿ ಎಂದು ನಿಮ್ಮ ಬಗ್ಗೆ ನೀವೇ ಬರೆದುಕೊಳ್ಳುತ್ತೀರಲ್ಲ, ಆ ಹತ್ತು ಹನ್ನೆರಡು ಸಾಲಿನ ಪರಿಚಯದ ಬಗ್ಗೆ. ಬೇಕರಿ ಕೆಲಸ ಕಲಿಸುವುದು ನನ್ನ ವೃತ್ತಿ. ಕಲಿತು ಹೋದವರು ಸ್ವಂತ ವ್ಯಾಪಾರ ಶುರು ಮಾಡುವಾಗ "ಮೇಡಂ, ಇದೊಂದು ನೋಡಿಕೊಡಿ" ಎಂದು ಅದನ್ನು ಕಳಿಸುತ್ತಾರೆ. ಊರು ಬೇರೆ, ಹೆಸರು ಬೇರೆ, ಪರಿಚಯ ಮಾತ್ರ ಒಂದೇ ಅಚ್ಚಿನದು. ಚಿಕ್ಕಂದಿನಿಂದ ಬೇಕಿಂಗ್ ಹುಚ್ಚು. ಲಾಕ್‌ಡೌನ್‌ನಲ್ಲಿ ಮಗುವಿನ ಹುಟ್ಟುಹಬ್ಬ. ಅಂಗಡಿಗಳೆಲ್ಲ ಮುಚ್ಚಿದ್ದವು, ನಾನೇ ಕೇಕ್ ಮಾಡಿದೆ, ಎಲ್ಲರೂ ಹೊಗಳಿದರು. ಕಥೆ ಅಲ್ಲಿಗೆ ಮುಗಿದು, ಒಂದು ಸಾಲು ಬಿಟ್ಟು, ಇನ್ಯಾರೋ ಬರೆದ ಹಾಗೆ ಶುಚಿತ್ವದ ಮಾತು ಶುರುವಾಗುತ್ತದೆ: ಸರ್ಟಿಫೈಡ್, ಹೈಜೀನಿಕ್, ನೂರಕ್ಕೆ ನೂರು ಶುದ್ಧ.

ಕಥೆ ಸುಳ್ಳಲ್ಲ ಎಂದು ನನಗೆ ಗೊತ್ತು. ಆದರೆ ಅದನ್ನು ಓದಿದ ಗಿರಾಕಿಗೆ ನಿಮ್ಮ ಅಡುಗೆಮನೆಯ ಬಗ್ಗೆ ಏನೂ ತಿಳಿಯುವುದಿಲ್ಲ. ಶುಚಿತ್ವದ ಮಾತು ಓದಿದರೆ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ. ನನ್ನ ತಕರಾರು ಇರುವುದು ಈ ಒಡಕಿನ ಮೇಲೆ.

ಹಾಸನದ ಕಡೆಯಿಂದ ಬೆಂಗಳೂರಿಗೆ ಹೋದವರು ಬೆಳೆಸಿದ ಅಯ್ಯಂಗಾರ್ ಬೇಕರಿಗಳಿಗೆ ಪರಿಚಯ ಬರೆಯುವ ಗೋಜೇ ಇರಲಿಲ್ಲ. ಬೋರ್ಡಿನ ಮೇಲಿನ ಆ ಹೆಸರು ಓದಿದರೆ ಸಾಕು, ಇಲ್ಲಿ ಮೊಟ್ಟೆ ಇಲ್ಲ, ಮಡಿವಂತರೂ ತಿನ್ನಬಹುದು ಎಂದು ಜನ ತಾವೇ ಅರ್ಥ ಮಾಡಿಕೊಳ್ಳುತ್ತಿದ್ದರು. ಮಿಕ್ಕಿದ್ದನ್ನು ಕೌಂಟರಿನಾಚೆ ನಿಂತು ಕಣ್ಣಾರೆ ನೋಡುತ್ತಿದ್ದರು. ನಿಮ್ಮಲ್ಲಿ ಆ ಹೆಸರೂ ಇಲ್ಲ, ಕೌಂಟರೂ ಇಲ್ಲ. ಗಿರಾಕಿಗೆ ಕಾಣುವುದು ಪೆಟ್ಟಿಗೆಯೊಳಗಿನ ಕೇಕ್ ಮಾತ್ರ. ಅದರ ಹಿಂದಿರುವುದನ್ನೆಲ್ಲ ನಿಮ್ಮ ಪರಿಚಯವೇ ಹೇಳಬೇಕು.

ಹಾಸನದ ಒಬ್ಬ ಹೆಣ್ಣುಮಗಳ ಪರಿಚಯವನ್ನು, ಹೆಸರು ತೆಗೆದು, ಅವರ ಒಪ್ಪಿಗೆಯಿಂದ ಇಲ್ಲಿಡುತ್ತೇನೆ. ಅವರು ಮೊದಲು ಕಳಿಸಿದ್ದು ಹೀಗಿತ್ತು:

"ಚಿಕ್ಕಂದಿನಿಂದಲೂ ಬೇಕಿಂಗ್ ನನ್ನ ಪ್ಯಾಷನ್. ಲಾಕ್‌ಡೌನ್‌ನಲ್ಲಿ ಮಗಳ ಹುಟ್ಟುಹಬ್ಬಕ್ಕೆ ಮಾಡಿದ ಕೇಕ್ ಇಂದು ನನ್ನ ಬದುಕೇ ಆಗಿದೆ. ನಾನು ಸರ್ಟಿಫೈಡ್ ಪ್ರೊಫೆಷನಲ್ ಬೇಕರ್. ನಮ್ಮದು ಎಫ್‌ಎಸ್‌ಎಸ್‌ಎಐ ಸರ್ಟಿಫೈಡ್ ಅಡುಗೆಮನೆ, ನೂರಕ್ಕೆ ನೂರು ಹೈಜೀನಿಕ್. ಪ್ರಿಸರ್ವೇಟಿವ್ ಇಲ್ಲ, ಕೃತಕ ಬಣ್ಣ ಇಲ್ಲ. ಎಗ್‌ಲೆಸ್, ಗ್ಲೂಟನ್ ಫ್ರೀ, ನಟ್ ಫ್ರೀ ಕೇಕ್‌ಗಳೂ ದೊರೆಯುತ್ತವೆ. ಪ್ರತಿ ಕೇಕಿನಲ್ಲೂ ಪ್ರೀತಿ ಬೆರೆತಿದೆ."

ನಾನು ಮೊದಲು ಹಿಡಿದದ್ದು ಎಫ್‌ಎಸ್‌ಎಸ್‌ಎಐ ಸಾಲನ್ನು. "ಅಡುಗೆಮನೆ ಸರ್ಟಿಫೈಡ್ ಅಂದಿದ್ದೀರಿ. ಯಾರಾದರೂ ಬಂದು ನೋಡಿಹೋಗಿದ್ದಾರಾ?" ಎಂದು ಕೇಳಿದೆ. "ಇಲ್ಲ ಮೇಡಂ, ಅರ್ಜಿ ಹಾಕಿದೆ, ನಂಬರ್ ಬಂತು" ಎಂದರು.

ಹಾಗಿದ್ದರೆ ಅದು ಸರ್ಟಿಫಿಕೇಟ್ ಅಲ್ಲ, ನೋಂದಣಿ. 2006ರ ಆಹಾರ ಸುರಕ್ಷತೆ ಕಾಯ್ದೆ, ಅದರಡಿ ಬಂದ 2011ರ ನಿಯಮಗಳ ಪ್ರಕಾರ ಸಣ್ಣ ವಹಿವಾಟಿನವರಿಗೆ ಲೈಸೆನ್ಸ್ ಬೇಡ, ನೋಂದಣಿ ಸಾಕು. ಮನೆಯಲ್ಲಿ ಕೇಕ್ ಮಾಡುವ ಬಹುಪಾಲು ಜನ ಬರುವುದು ಇದರಲ್ಲೇ. ಅರ್ಜಿ, ಭಾವಚಿತ್ರ, ಗುರುತಿನ ದಾಖಲೆಯ ಜೊತೆಗೆ ಶುಚಿತ್ವದ ನಿಯಮಗಳನ್ನು ಪಾಲಿಸುತ್ತೇನೆ ಎಂದು ನೀವೇ ಘೋಷಿಸುತ್ತೀರಿ. ಅಧಿಕಾರಿಗಳು ಬಯಸಿದರೆ ತಪಾಸಣೆ ಮಾಡಬಹುದು, ಆದರೆ ತಪಾಸಣೆ ಆದಮೇಲೆಯೇ ನೋಂದಣಿ ಎಂಬ ಕಟ್ಟಳೆ ಇಲ್ಲ. ಸಿಗುವ ಸಂಖ್ಯೆ 14 ಅಂಕಿಗಳದ್ದು. ಲೈಸೆನ್ಸಿನದು 1ರಿಂದ ಶುರುವಾದರೆ ನೋಂದಣಿಯದು 2ರಿಂದ. ತಿಳಿದ ಗಿರಾಕಿ ಮೊದಲ ಅಂಕಿ ನೋಡಿಯೇ ಹೇಳಿಬಿಡುತ್ತಾನೆ. ಎಫ್‌ಎಸ್‌ಎಸ್‌ಎಐನ ಫೋಸ್ಕೋಸ್ ತಾಣದಲ್ಲಿ ಸಂಖ್ಯೆ ಹಾಕಿದರೆ ಅದು ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ ಎಂಬುದೂ ಗೊತ್ತಾಗುತ್ತದೆ.

ಆದ್ದರಿಂದ "ಎಫ್‌ಎಸ್‌ಎಸ್‌ಎಐ ನೋಂದಣಿ ಸಂಖ್ಯೆ ಇಷ್ಟು" ಎಂದು ಪೂರ್ತಿ 14 ಅಂಕಿ ಬರೆದರೆ ಮುಗಿಯಿತು. ನೋಂದಣಿಯನ್ನು "ಸರ್ಟಿಫೈಡ್", "ಅಪ್ರೂವ್ಡ್" ಎಂದು ಹಿಗ್ಗಿಸಿದರೆ ಸರ್ಕಾರ ನಿಮ್ಮ ಅಡುಗೆಮನೆ ನೋಡಿ ತಲೆದೂಗಿದೆ ಎಂದಂತಾಗುತ್ತದೆ. ಅದೇ ಕಾಯ್ದೆಯ 53ನೇ ಕಲಂ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ ದಂಡ ಇಟ್ಟಿದೆ. ನಿಮ್ಮ ಪರಿಚಯವೂ ಜಾಹೀರಾತೇ. ದಂಡದ ಮಾತು ಹಾಗಿರಲಿ, ಸಂಖ್ಯೆ ಹೇಳದೆ ಲೋಗೊ ಮಾತ್ರ ಹಾಕಿದವರನ್ನು ಕಂಡರೆ ನನಗಂತೂ ಮೊದಲು ಅನುಮಾನ ಬರುತ್ತದೆ.

ಇನ್ನು "ನೂರಕ್ಕೆ ನೂರು ಹೈಜೀನಿಕ್". ಇದನ್ನು ಹೊಡೆದುಹಾಕಿ ಅವರ ದಿನಚರಿ ಕೇಳಿದೆ. ಸಂಸಾರದ ಮನೆ, ಅತ್ತೆ ಮಾವ ಇದ್ದಾರೆ, ಒಂದೇ ಅಡುಗೆಕೋಣೆ. ಬೆಳಗಿನ ಅಡುಗೆ ಮುಗಿದು ಕಟ್ಟೆ ಒರೆಸಿ ಒಣಗಿದ ಮೇಲೆಯೇ ಅವರು ಕೇಕಿಗೆ ಕೈಹಾಕುತ್ತಾರೆ. ಕೇಕಿನ ಕೆಲಸ ಮುಗಿಯುವವರೆಗೆ ಒಗ್ಗರಣೆ ಇಲ್ಲ. ಯಾಕೆ ಎಂದರೆ, "ಬೆಣ್ಣೆಗೂ ಕ್ರೀಮಿಗೂ ಇಂಗಿನ ವಾಸನೆ ಹತ್ತುತ್ತೆ ಮೇಡಂ" ಎಂದರು. ನಿಜ. ಕೊಬ್ಬು ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ, ಅದಕ್ಕೇ ಕ್ರೀಮ್ ಕೇಕಿಗೆ ಅವರು ಬೇರೆಯೇ ಸಣ್ಣ ಫ್ರಿಜ್ ಇಟ್ಟಿದ್ದಾರೆ. ಅದರೊಳಗೆ ಒಂದು ಥರ್ಮಾಮೀಟರ್. 5 ಡಿಗ್ರಿ ದಾಟಿದರೆ ಹಾಲಿನ ಕ್ರೀಮಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯಲು ದಾರಿ ಸಿಗುತ್ತದೆ. ಕಣ್ಣಿಗೆ ಮೊದಲು ಕಾಣುವುದು ಕ್ರೀಮಿನ ಅಂಚಿನಲ್ಲಿ ಜಿನುಗುವ ನೀರು, ಆದರೆ ಅದು ಕಾಣದಿದ್ದ ಮಾತ್ರಕ್ಕೆ ಕೇಕ್ ಕೆಟ್ಟಿಲ್ಲ ಎಂದು ಹೇಳಲಾಗದು. ಕರೆಂಟ್ ಬಹಳ ಹೊತ್ತು ಹೋದ ದಿನ ಏನು ಮಾಡುತ್ತೀರಿ ಎಂದೆ. "ಕ್ರೀಮ್ ಕೇಕ್ ಕೊಡಲ್ಲ. ಫೋನ್ ಮಾಡಿ ಬೆಣ್ಣೆ ಕೇಕ್ ಮಾಡಿಕೊಡ್ಲಾ ಅಂತ ಕೇಳ್ತೀನಿ" ಎಂದರು.

ಇಷ್ಟೆಲ್ಲ ಇದ್ದೂ ಅವರು ಬರೆದದ್ದು "ಹೈಜೀನಿಕ್" ಎಂಬ ಒಂದೇ ಮಾತು! ಕೇಕ್ ಮಾಡುವ ಹೊತ್ತಿನಲ್ಲಿ ಮನೆಯಲ್ಲಿ ಒಗ್ಗರಣೆ ಇಲ್ಲ ಎಂಬ ಸಾಲನ್ನು ಯಾರೂ ಎಲ್ಲಿಂದಲೂ ನಕಲು ಮಾಡಲಾರರು. ಅದು ಮನೆಯ ಕಥೆಯೂ ಹೌದು, ಶುಚಿಯ ಕಥೆಯೂ ಹೌದು. ಕೈಗವಸು ಹಾಕಿಕೊಂಡು ನಗುತ್ತಾ ನಿಂತ ಫೋಟೊಗಿಂತ ನನಗೆ ಇಂಥ ಸಾಲಿನ ಮೇಲೆ ನಂಬಿಕೆ. ಅದೇ ಕೈಗವಸಿನಲ್ಲಿ ಫೋನ್ ಮುಟ್ಟಿ ಮತ್ತೆ ಕೇಕ್ ಮುಟ್ಟುವವರನ್ನು ಎಷ್ಟೋ ಕಂಡಿದ್ದೇನೆ. ಅದಕ್ಕಿಂತ ಸೋಪು ಹಾಕಿ ತೊಳೆದ ಕೈ ಮೇಲು.

ಪ್ರಿಸರ್ವೇಟಿವ್ ಮತ್ತು ಬಣ್ಣದ ಸಾಲಿಗೆ ಬಂದೆವು. ಅವರು ಹಿಟ್ಟಿಗೆ ಏನನ್ನೂ ಸೇರಿಸುವುದಿಲ್ಲ, ಅದು ಸರಿ. ಆದರೆ ಅನಾನಸ್ ಕೇಕಿಗೆ ಹಾಕುವ ಕ್ರಶ್ ಬಾಟಲಿ ಅಂಗಡಿಯದು. "ಬಾಟಲಿ ಹಿಂದೆ ತಿರುಗಿಸಿ ಓದಿ" ಎಂದೆ. ಐಎನ್‌ಎಸ್ 211 ಎಂದಿತ್ತು, ಅಂದರೆ ಸೋಡಿಯಂ ಬೆಂಜೊಯೇಟ್. ನಿಯಮ ಒಪ್ಪಿದ ಸಂರಕ್ಷಕವೇ, ಹಾಕಿದರೆ ಅಪರಾಧವೇನಲ್ಲ. ಆದರೆ ಆ ಬಾಟಲಿ ಮನೆಯಲ್ಲಿರುವಾಗ "ಪ್ರಿಸರ್ವೇಟಿವ್ ಇಲ್ಲ" ಎನ್ನಲಾಗದು. ರೆಡಿಮೇಡ್ ಪ್ರೀಮಿಕ್ಸ್ ಬಳಸುವವರೂ ಪೊಟ್ಟಣದ ಹಿಂಭಾಗ ಓದಿಯೇ ಈ ಸಾಲು ಬರೆಯಬೇಕು. ಕ್ರೀಮಿನದೂ ಇದೇ ಪಾಡು. "ಫ್ರೆಶ್ ಕ್ರೀಮ್ ಕೇಕ್" ಎಂದು ಬರೆಯುವ ಎಷ್ಟೋ ಮನೆಗಳಲ್ಲಿ ಇರುವುದು ಫ್ರೀಜರಿನಲ್ಲಿಟ್ಟು ಕರಗಿಸಿ ನೊರೆಬರಿಸುವ, ಸಸ್ಯಜನ್ಯ ಕೊಬ್ಬಿನ ವಿಪ್ಪಿಂಗ್ ಕ್ರೀಮ್. ಅದು ಸೆಕೆಗೆ ಹೆಚ್ಚು ಹೊತ್ತು ನಿಲ್ಲುತ್ತದೆ, ಗುಲಾಬಿ ಹೂವು ಚೆನ್ನಾಗಿ ಬರುತ್ತದೆ. ಬಳಸಿ, ಆದರೆ ಅದನ್ನು ಹಾಲಿನ ಕೆನೆ ಎಂಬಂತೆ ಹೇಳಬೇಡಿ.

ಬಣ್ಣದ ವಿಷಯದಲ್ಲಿ ಕರ್ನಾಟಕದ ಗಿರಾಕಿ ಈಗ ಮೊದಲಿನಂತಿಲ್ಲ. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಅಸುರಕ್ಷಿತ ಎಂದು ಬಂತು. ಕಾರಣ ಕೃತಕ ಬಣ್ಣಗಳು, ಮುಖ್ಯವಾಗಿ ಹೆಸರು ಕೇಳಿಬಂದದ್ದು ರೆಡ್ ವೆಲ್ವೆಟ್ ಮತ್ತು ಬ್ಲ್ಯಾಕ್ ಫಾರೆಸ್ಟ್. ಅಂದಿನಿಂದ "ಬೀಟ್‌ರೂಟ್ ಬಣ್ಣ ಮಾತ್ರ" ಎಂಬ ಸಾಲು ಪರಿಚಯಗಳಲ್ಲಿ ಹೆಚ್ಚಾಗಿದೆ. ಅಲ್ಲಿ ಒಂದು ಎಚ್ಚರಿಕೆ. ಬೀಟ್‌ರೂಟಿನ ಕೆಂಪು ಒಲೆಯ ಕಾವಿಗೆ ನಿಲ್ಲುವುದಿಲ್ಲ. ಮಜ್ಜಿಗೆಯ ಹುಳಿ ಇದ್ದರೆ ಸ್ವಲ್ಪ ತಡೆದುಕೊಳ್ಳುತ್ತದೆ, ಆದರೂ ಬೆಂದ ಕೇಕನ್ನು ಕತ್ತರಿಸಿದರೆ ಒಳಗೆ ಕಂದಿದ ಕೆಂಗಂದು ಬಣ್ಣವೇ ಇರುತ್ತದೆ. ಹೊಳೆಯುವ ಕೆಂಪು ಸ್ಪಾಂಜಿನ ಫೋಟೊ ಹಾಕಿ ಕೆಳಗೆ ಬೀಟ್‌ರೂಟ್ ಎಂದು ಬರೆದರೆ ಬಲ್ಲವರು ನಕ್ಕುಬಿಡುತ್ತಾರೆ. ನಮ್ಮ ಹಾಸನದವರು ಜೆಲ್ ಬಣ್ಣವನ್ನು ಮೇಲಿನ ಹೂವಿಗೆ ಮಾತ್ರ ಬಳಸುತ್ತಾರೆ, ಕೇಕಿನ ಒಳಗೆ ಹಾಕುವುದಿಲ್ಲ. ಅಷ್ಟನ್ನೇ ಬರೆಯಿರಿ ಎಂದೆ.

ಎಗ್‌ಲೆಸ್, ಗ್ಲೂಟನ್ ಫ್ರೀ, ನಟ್ ಫ್ರೀ ಎಂದು ಒಂದೇ ಉಸಿರಿನಲ್ಲಿ ಬರೆದ ಮೂರು ಮಾತುಗಳು ಒಂದೇ ಬಗೆಯವಲ್ಲ. ಮೊದಲನೆಯದು ಬಹುಮಟ್ಟಿಗೆ ನಂಬಿಕೆಯ ವಿಷಯ, ಉಳಿದೆರಡು ಕೆಲವರಿಗೆ ಪ್ರಾಣದ, ಕೆಲವರಿಗೆ ಕರುಳಿನ ವಿಷಯ. ನಮ್ಮ ನಿಯಮಗಳಲ್ಲಿ ಮೊಟ್ಟೆ ಇರುವ ಆಹಾರ ಮಾಂಸಾಹಾರದ ಲೆಕ್ಕಕ್ಕೇ ಸೇರುತ್ತದೆ. ಹಾಗಾಗಿ ಎಗ್‌ಲೆಸ್ ಎಂದವರ ಬೀಟರ್ ನಿನ್ನೆ ಮೊಟ್ಟೆ ಕಲಸಿದ್ದಾಗಿದ್ದರೆ ಗಿರಾಕಿಗೆ ಅದು ಗೊತ್ತಿರಬೇಕು. ಮೊಟ್ಟೆ ಇಲ್ಲದ್ದೆಲ್ಲ ಸಸ್ಯಾಹಾರವೂ ಅಲ್ಲ. ಮೂಸ್ ಗಟ್ಟಿಯಾಗಲು ಜೆಲಟಿನ್ ಹಾಕುವವರಿದ್ದಾರೆ, ಅದು ಪ್ರಾಣಿಮೂಲದ್ದು. ಸಸ್ಯಾಹಾರಿಗಳಿಗೆ ಕೊಡುವುದಾದರೆ ಚೈನಾ ಗ್ರಾಸ್ ಇದೆ. ಈ ತಂಗಿಯ ಮನೆಯಲ್ಲಿ ಮೊಟ್ಟೆ ಬೇಯಿಸುತ್ತಾರೆ, ಆದರೆ ಕೇಕಿಗೆ ಎಂದೂ ಹಾಕುವುದಿಲ್ಲ. ಕೇಕಿನ ಪಾತ್ರೆ, ಬೀಟರ್, ತವರದ ಟಿನ್ನು ಎಲ್ಲ ಬೇರೆ. "ಮನೆಯಲ್ಲಿ ಮೊಟ್ಟೆ ತಿಂತೀವಿ ಅಂತ ಬರೆದರೆ ಕೆಲವರು ಬರಲ್ಲ ಮೇಡಂ" ಎಂದರು. ಅಂಥವರು ಆಮೇಲೆ ಗೊತ್ತಾಗಿ ಜಗಳಕ್ಕೆ ಬರುವುದಕ್ಕಿಂತ ಮೊದಲೇ ಬರದಿರುವುದು ವಾಸಿ ಎಂದು ಹೇಳಿದೆ.

ಗ್ಲೂಟನ್ ಫ್ರೀ ಎಂಬುದನ್ನಂತೂ ತೆಗೆಸಿಯೇಬಿಟ್ಟೆ. ಆ ಮಾತು ಬಳಸಬೇಕಾದರೆ ಒಂದು ಕಿಲೋ ಆಹಾರದಲ್ಲಿ ಗ್ಲೂಟನ್ 20 ಮಿಲಿಗ್ರಾಂ ಮೀರಬಾರದು. ರಾಗಿಯಲ್ಲಿ ಗ್ಲೂಟನ್ ಇಲ್ಲ, ನಿಜ. ಆದರೆ ಬೆಳಗ್ಗೆ ಮೈದಾ ಜರಡಿ ಹಿಡಿದ ಕೋಣೆಯಲ್ಲಿ ಅದರ ಪುಡಿ ಗಾಳಿಯಲ್ಲಿ ತೇಲುತ್ತಿರುತ್ತದೆ, ಕಪಾಟಿನ ಮೇಲೆ, ಜರಡಿಯ ಕಣ್ಣುಗಳಲ್ಲಿ ಕೂತಿರುತ್ತದೆ. ಸೀಲಿಯಾಕ್ ಕಾಯಿಲೆ ಇರುವವರ ಕರುಳಿಗೆ ಅಷ್ಟೇ ಸಾಕು. ರಾಗಿ ಗಿರಣಿಯಲ್ಲಿ ಬೀಸಿದ್ದಾದರೆ ಅದಕ್ಕೂ ಮೊದಲು ಅಲ್ಲಿ ಬಿದ್ದದ್ದು ಗೋಧಿಯೇ ಇರಬಹುದು. "ಮೈದಾ ಹಾಕದ ರಾಗಿ ಕೇಕ್ ಮಾಡುತ್ತೇನೆ, ಅದೇ ಅಡುಗೆಮನೆಯಲ್ಲಿ ಮೈದಾ ಬಳಸುತ್ತೇನೆ" ಎಂದು ಬರೆಯಬಹುದು. ಅದರಾಚೆ ಹೋಗಬಾರದು.

ನಟ್ ಫ್ರೀ ಎಂದು ಯಾಕೆ ಬರೆದಿರಿ ಎಂದು ಕೇಳಿದಾಗ ಅವರ ನಿಜವಾದ ಕಥೆ ಹೊರಬಂತು. ಮಗಳಿಗೆ ಕಡಲೆಕಾಯಿ ಆಗುವುದಿಲ್ಲ. ಆ ಮನೆಯಲ್ಲಿ ಕಡಲೆಕಾಯಿ ಚಟ್ನಿ ಇಲ್ಲ, ಚಿತ್ರಾನ್ನಕ್ಕೆ ಕಡಲೆಕಾಯಿ ಇಲ್ಲ, ಕಡಲೆಕಾಯಿ ಎಣ್ಣೆಯೂ ಇಲ್ಲ. ಹೊರಗಿನ ಕೇಕನ್ನು ನಂಬಲಾರದೆ ಅವರು ಮೊದಲು ಕೇಕ್ ಮಾಡಲು ಕಲಿತದ್ದು. ಲಾಕ್‌ಡೌನ್ ನೆಪ ಮಾತ್ರ. ಇದನ್ನು ಬಿಟ್ಟು ಪ್ಯಾಷನ್ ಎಂದು ಬರೆದಿದ್ದರು! ಪೊಟ್ಟಣದ ಹಿಂಭಾಗ ಓದುವ ಅಭ್ಯಾಸ ಆ ಮನೆಗೆ ಯಾಕೆ ಇದೆ ಎಂಬುದನ್ನು ಈ ಕಥೆ ಬೇರೆ ಯಾವ ಸರ್ಟಿಫಿಕೇಟಿಗಿಂತಲೂ ಚೆನ್ನಾಗಿ ಹೇಳುತ್ತದೆ. ಆದರೂ ನಟ್ ಫ್ರೀ ಎನ್ನುವಂತಿಲ್ಲ. ಅವರು ಗೋಡಂಬಿ, ಬಾದಾಮಿ ಬಳಸುತ್ತಾರೆ. ಅಲಂಕಾರಕ್ಕೆ ತರುವ ಕಾಂಪೌಂಡ್ ಚಾಕೊಲೇಟ್ ಪೊಟ್ಟಣದ ಮೇಲೂ ಬೀಜಗಳ ಅಂಶ ಇರಬಹುದು ಎಂದು ಅಚ್ಚಾಗಿದೆ. ಮಗಳಿಗೆಂದು ಮಾಡುವಾಗ ಅದನ್ನು ಬಳಸುವುದೇ ಇಲ್ಲ ಎಂದರು. ಗಿರಾಕಿಗೂ ಇದೇ ಮಾತು ಹೇಳಬೇಕಲ್ಲವೇ? ಇನ್ನು ಮಗುವಿನ ಹೆಸರು, ಶಾಲೆ, ಫೋಟೊ ಯಾವುದೂ ಬೇಡ ಎಂದೆ. "ಮನೆಯಲ್ಲೊಬ್ಬರಿಗೆ" ಎಂದರೆ ಓದುವವರಿಗೆ ಸಾಕು, ಮಗು ದೊಡ್ಡದಾದ ಮೇಲೆ ಅದಕ್ಕೂ ಮುಜುಗರವಿಲ್ಲ. ಮನೆಯ ವಿಳಾಸವೂ ಅಷ್ಟೆ, ಬಡಾವಣೆಯ ಹೆಸರು ಸಾಲದೆ?

ಕೊನೆಗೆ ಉಳಿದದ್ದು "ಸರ್ಟಿಫೈಡ್ ಪ್ರೊಫೆಷನಲ್ ಬೇಕರ್". ಕೇಳಿದರೆ, ವಾರಾಂತ್ಯದ ಒಂದು ಕ್ಲಾಸ್, ಕ್ರೀಮಿನಲ್ಲಿ ಹೂ ಬಿಡಿಸುವುದು. ಹೆಬ್ಬಾಳದಲ್ಲಿರುವ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಘಟಕದಂಥ ಕಡೆ ಕಲಿತವರು ಕೋರ್ಸಿನ ಹೆಸರು, ವರ್ಷ ಬರೆಯಲಿ. ಎಫ್‌ಎಸ್‌ಎಸ್‌ಎಐ ನಡೆಸುವ ಫೋಸ್ಟ್ಯಾಕ್ ತರಬೇತಿ ಮುಗಿಸಿದವರು ಅದನ್ನೂ ಬರೆಯಲಿ, ಅದು ಶುಚಿತ್ವದ್ದೇ ತರಬೇತಿ. ವಾರಾಂತ್ಯದ ಕ್ಲಾಸನ್ನು ವಾರಾಂತ್ಯದ ಕ್ಲಾಸ್ ಎಂದೇ ಬರೆದರೆ ಯಾವ ಅವಮಾನವೂ ಇಲ್ಲ. ಏನು ಕಲಿತಿರಿ ಎಂಬುದಿಲ್ಲದ "ಸರ್ಟಿಫೈಡ್" ಮಾತ್ರ ಪೊಳ್ಳು.

ಅವರ ನಿಜವಾದ ಕೈಚಳಕ ಬೇರೆ ಕಡೆ ಇತ್ತು. ಮೊಸರು, ಅಡುಗೆ ಸೋಡಾ ಹಾಕಿದ ಎಗ್‌ಲೆಸ್ ಸ್ಪಾಂಜ್ ಅವರಿಗೆ ಸೊಗಸಾಗಿ ಬರುತ್ತದೆ. ಆ ಕೆಲಸದ ಕಷ್ಟ ಮಾಡಿದವರಿಗೇ ಗೊತ್ತು. ಮೊಸರಿನ ಹುಳಿಗೆ ಸೋಡಾ ತಾಗಿದ ಕ್ಷಣವೇ ಗುಳ್ಳೆ ಏಳಲು ಶುರು. ಹಿಟ್ಟು ಕಟ್ಟೆಯ ಮೇಲೆ ಕಾಯುತ್ತಾ ಕೂತರೆ ಆ ಗಾಳಿ ಒಲೆ ಸೇರುವ ಮುನ್ನವೇ ಹೊರಟುಹೋಗುತ್ತದೆ. ಎರಡು ಕೇಕಿಗೆ ಒಟ್ಟಿಗೆ ಕಲಸಿ ಒಂದೊಂದಾಗಿ ಬೇಯಿಸಿದರೆ ಮೊದಲನೆಯದು ಉಬ್ಬುತ್ತದೆ, ಎರಡನೆಯದರ ತಳ ಗಟ್ಟಿಯಾಗಿ, ಕತ್ತರಿಸಿದಾಗ ಹಸಿಹಸಿ ಪದರದಂತೆ ಕಾಣುತ್ತದೆ. ಅವರದು ಒಂದೇ ಟಿನ್ ಹಿಡಿಸುವ ಓಟಿಜಿ. ಹಾಗಾಗಿ ಒಂದು ಬೆಂದು ಹೊರಬಂದ ಮೇಲೆಯೇ ಇನ್ನೊಂದಕ್ಕೆ ಕಲಸುತ್ತಾರೆ, ದಿನಕ್ಕೆ ಮೂರಕ್ಕಿಂತ ಹೆಚ್ಚು ಆರ್ಡರ್ ತೆಗೆದುಕೊಳ್ಳುವುದಿಲ್ಲ. "ಮೂರೇ ಅಂದರೆ ಸಣ್ಣವರು ಅಂದ್ಕೊಳ್ಳಲ್ವಾ?" ಎಂದು ಕೇಳಿದರು. ಕಾರಣ ಹೇಳದಿದ್ದರೆ ಅಂದುಕೊಳ್ಳುತ್ತಾರೆ, ಹೇಳಿದರೆ ಇವರಿಗೆ ಕೆಲಸ ಗೊತ್ತು ಎಂದುಕೊಳ್ಳುತ್ತಾರೆ. ಮಾಡಲು ಬಾರದ್ದನ್ನೂ ಸೇರಿಸಿದೆವು. ಅಂತಸ್ತಿನ ಮದುವೆ ಕೇಕಿಗೆ ಒಳಗೆ ಕಡ್ಡಿ ಊರಿ ಭಾರ ಹೊರಿಸಬೇಕು, ಸಾಗಿಸುವ ಗಾಡಿ ಬೇಕು. ಅದು ಅವರಿಂದಾಗದು.

ಎಲ್ಲ ಮುಗಿದ ಮೇಲೆ ಅವರೇ ಕೂತು ಬರೆದದ್ದು ಇದು:

"ಮನೆಯಲ್ಲೊಬ್ಬರಿಗೆ ಕಡಲೆಕಾಯಿ ಅಲರ್ಜಿ. ಹೊರಗಿನ ಕೇಕ್ ತರಲು ಹೆದರಿ ನಾನೇ ಮಾಡಲು ಕಲಿತೆ. ಅದಕ್ಕೂ ಮೊದಲು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಇಂದಿಗೂ ನಮ್ಮ ಅಡುಗೆಮನೆಗೆ ಕಡಲೆಕಾಯಿ ಬರುವುದಿಲ್ಲ. ಗೋಡಂಬಿ, ಬಾದಾಮಿ ಬಳಸುತ್ತೇನೆ, ನಾನು ತರುವ ಚಾಕೊಲೇಟಿನಲ್ಲಿ ಬೀಜಗಳ ಅಂಶ ಇರಬಹುದು, ಆದ್ದರಿಂದ ಅಲರ್ಜಿ ಇರುವವರು ಆರ್ಡರ್ ಕೊಡುವ ಮೊದಲು ಮಾತಾಡಿ. ಮಾಡುವುದು ಎಗ್‌ಲೆಸ್ ಕೇಕ್ ಮಾತ್ರ. ಮನೆಯಲ್ಲಿ ಮೊಟ್ಟೆ ಬೇಯಿಸುತ್ತೇವೆ, ಕೇಕಿನ ಪಾತ್ರೆಗಳು ಬೇರೆ. ಮನೆ ಅಡುಗೆ ಮುಗಿದ ಮೇಲೆ ಕೇಕ್ ಶುರು, ಕೇಕ್ ಮುಗಿಯುವವರೆಗೆ ಒಗ್ಗರಣೆ ಇಲ್ಲ. ಕ್ರೀಮ್ ಕೇಕ್ ಬೇರೆ ಫ್ರಿಜ್‌ನಲ್ಲಿ, 5 ಡಿಗ್ರಿಯೊಳಗೆ. ಕರೆಂಟ್ ಕೈಕೊಟ್ಟ ದಿನ ಕ್ರೀಮ್ ಕೇಕ್ ಕೊಡುವುದಿಲ್ಲ. ಬಣ್ಣ ಮೇಲಿನ ಹೂವಿಗೆ ಮಾತ್ರ, ಬೇಡವೆಂದರೆ ಹಾಕುವುದಿಲ್ಲ. ಅನಾನಸ್ ಕ್ರಶ್ ಅಂಗಡಿಯದು, ಅದರಲ್ಲಿ ಪ್ರಿಸರ್ವೇಟಿವ್ ಇದೆ. ನನ್ನ ಕೈಗೆ ಒಗ್ಗಿದ್ದು ಮೊಸರಿನ ಸ್ಪಾಂಜ್. ಕಲಸಿದ ಹಿಟ್ಟನ್ನು ಹಾಗೇ ಇಡಬಾರದಾದ್ದರಿಂದ ದಿನಕ್ಕೆ ಮೂರೇ ಕೇಕ್, ಎರಡು ದಿನ ಮೊದಲು ಹೇಳಬೇಕು. ಕ್ರೀಮಿನ ಹೂ ಬಿಡಿಸುವುದನ್ನು ವಾರಾಂತ್ಯದ ತರಗತಿಯಲ್ಲಿ ಕಲಿತೆ. ಅಂತಸ್ತಿನ ಕೇಕ್ ಮಾಡುವುದಿಲ್ಲ."

ಇದರ ಕೆಳಗೆ ನೋಂದಣಿ ಸಂಖ್ಯೆ, ಫೋನ್ ನಂಬರ್.

"ಪ್ರೀತಿ ಬೆರೆತಿದೆ ಅನ್ನೋದನ್ನ ಬಿಟ್ಟುಬಿಟ್ಟೆ ಮೇಡಂ, ಪರವಾಗಿಲ್ವಾ?" ಎಂದು ಆಮೇಲೆ ಫೋನ್ ಮಾಡಿದ್ದರು. ಪರವಾಗಿಲ್ಲ ಎಂದೆ. ನಿಮ್ಮಲ್ಲಿ ಯಾರಾದರೂ ಈ ಬರಹವನ್ನೇ ಹೆಸರು ಬದಲಿಸಿ ಹಾಕಿಕೊಳ್ಳುವ ಯೋಚನೆಯಲ್ಲಿದ್ದರೆ ಬೇಡ. ನಿಮ್ಮ ಮನೆಯಲ್ಲಿ ಕಡಲೆಕಾಯಿ ಚಟ್ನಿ ಆಗುತ್ತಿರಬಹುದು. ಈಗಾಗಲೇ ಬರೆದಿಟ್ಟಿರುವವರು ಕ್ರಶ್‌ನ ಬ್ರಾಂಡ್ ಬದಲಿಸಿದಾಗ, ಹೊಸ ಚಾಕೊಲೇಟ್ ತಂದಾಗ, ಫ್ರಿಜ್ ಕೆಟ್ಟು ಮನೆಯ ಫ್ರಿಜ್‌ನಲ್ಲೇ ಕ್ರೀಮ್ ಇಡುವಂತಾದಾಗ ಆ ಸಾಲನ್ನು ಅಂದೇ ತಿದ್ದಿ. ನೋಂದಣಿಯಲ್ಲಿರುವ ವಿಳಾಸದಿಂದ ಬೇರೆ ಮನೆಗೆ ಹೋದವರು ಮೊದಲು ಅಲ್ಲಿ ತಿದ್ದಿಸಿ, ಆಮೇಲೆ ಆರ್ಡರ್ ಹಿಡಿಯಿರಿ.

ಇಂತಿ,
ನಿಮ್ಮ ಬೇಕರಿ ಮೇಡಂ